ಮೀಟಿಂಗಿಗೆ ಹೇಳದೆ ಕೇಳದೆ ತಪ್ಪಿಸಿಕೊಂಡಾಗ ಬರೆಯಬೇಕಾದ ಆ ಎಂಟು ಸಾಲು

ಮಧ್ಯಾಹ್ನ 12 ಗಂಟೆ 10 ನಿಮಿಷ. ಫೋನ್ ಮಗುಚಿ ಇಟ್ಟು ಕೆಲಸ ಮಾಡ್ತಾ ಇದ್ದೆ. ಎತ್ತಿ ನೋಡಿದರೆ ಮೂರು ಮಿಸ್ಡ್ ಕಾಲ್, ಗ್ರೂಪಿನಲ್ಲಿ ಒಂದು ಮೆಸೇಜು: "ಎಲ್ಲಿದ್ದೀರಿ? ನಾವು ಮೂರೂ ಜನ ಬಂದಿದ್ದೀವಿ." ಅದರ ಕೆಳಗೆ 11 ಗಂಟೆ 40ಕ್ಕೆ ಇನ್ನೊಂದು: "ಸರಿ, ನಾವು ಹೊರಡ್ತೀವಿ." ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಆಗಿದ್ದಿಷ್ಟು. ನಾನು ಪುಸ್ತಕಗಳ ಪುಟವಿನ್ಯಾಸ ಮಾಡುವವನು, ಮೈಸೂರಿನಲ್ಲಿ. ಒಂದು ಸಂಘದ ಸ್ಮರಣ ಸಂಚಿಕೆ ಕೈಯಲ್ಲಿತ್ತು. ಮುಖಪುಟ ಯಾವುದು, ಒಟ್ಟು ಪುಟ ಎಷ್ಟು, ಪೇಪರ್ ಯಾವುದು ಅಂತ ತೀರ್ಮಾನ ಮಾಡಲು ಬುಧವಾರ ಸೇರುವುದು ಅಂತಿತ್ತು. ಶನಿವಾರ ರಾತ್ರಿ ಕಾರ್ಯದರ್ಶಿಗಳು ಗ್ರೂಪಿನಲ್ಲಿ "ಬುಧವಾರ ಬೇಡ, ಮಂಗಳವಾರ 11ಕ್ಕೆ ಇಟ್ಟುಕೊಳ್ಳೋಣ" ಅಂದರು. ನಾನು ಓದಿದೆ, ಹೆಬ್ಬೆರಳು ಒತ್ತಿದೆ, ಊಟಕ್ಕೆ ಕೂತೆ. ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ. ಮಂಗಳವಾರ ಬಂತು, ಹೋಯಿತು. ಪ್ರೆಸ್ಸಿನವರು ಮಂಡ್ಯದಿಂದ ಸುಮಾರು 45 ಕಿಲೋಮೀಟರ್ ಬಂದು ಕಾದು ವಾಪಸ್ ಹೋಗಿದ್ದರು.

ಈಗ ಬರೆಯಬೇಕಲ್ಲ, ಏನು ಬರೆಯುವುದು?

## ತಪ್ಪು ಒಂದಲ್ಲ, ಎರಡು

ಮೊದಲು ಇದನ್ನು ಬಿಡಿಸಿಕೊಳ್ಳಬೇಕು. ಮೀಟಿಂಗಿಗೆ ಬಾರದಿರುವುದು ಒಂದು ತಪ್ಪು. ತಿಳಿಸದಿರುವುದು ಇನ್ನೊಂದು. ಬರಲಾಗದಿದ್ದರೆ ಯಾರೂ ದೊಡ್ಡದು ಮಾಡುವುದಿಲ್ಲ, ಬೆಳಗ್ಗೆ 9ಕ್ಕೆ ಒಂದು ಫೋನ್ ಮಾಡಿ "ಇವತ್ತು ಆಗಲ್ಲ" ಅಂದಿದ್ದರೆ ಮಂಡ್ಯದವರು ಮನೆ ಬಿಡುತ್ತಲೇ ಇರಲಿಲ್ಲ. ಜನಕ್ಕೆ ಉರಿಯುವುದು ಎರಡನೆಯದಕ್ಕೆ. ಮದುವೆ ಮನೆಯಲ್ಲಿ ಎಲೆ ಹಾಕಿ, ಬಡಿಸಿ, ಆ ಜಾಗದಲ್ಲಿ ಯಾರೂ ಬಂದು ಕೂರದಿದ್ದರೆ ಆಗುತ್ತಲ್ಲ, ಹಾಗೆ. ಊಟ ಕೆಟ್ಟದ್ದಕ್ಕಿಂತ ಎಲೆಯ ಮುಂದೆ ಕಾದದ್ದು ಜಾಸ್ತಿ ನೆನಪಿರುತ್ತದೆ.

"ಮರೆತವನು ಹೇಗೆ ತಿಳಿಸ್ತಾನೆ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಕಾದವರಿಗೆ ಆಗ ಅದು ಗೊತ್ತಿರುವುದಿಲ್ಲ. ದಾರಿಯಲ್ಲಿ ಏನಾದರೂ ಆಯಿತಾ, ಬೇಕಂತಲೇ ಬರಲಿಲ್ಲವಾ, ಫೋನ್ ಯಾಕೆ ಎತ್ತುತ್ತಿಲ್ಲ ಅಂತ 40 ನಿಮಿಷ ತಲೆ ಕೆಡಿಸಿಕೊಂಡಿದ್ದಾರೆ. ಹಾಗಾಗಿ ಮೆಸೇಜಿನಲ್ಲಿ ಎರಡೂ ಬರಬೇಕು: ಬರಲಿಲ್ಲ, ತಿಳಿಸಲೂ ಇಲ್ಲ. ಬರೀ "ಮೀಟಿಂಗ್ ಮಿಸ್ ಆಯ್ತು, ಸಾರಿ" ಅಂದರೆ ದೊಡ್ಡ ತಪ್ಪನ್ನು ಬಿಟ್ಟು ಚಿಕ್ಕದಕ್ಕೆ ಸಾರಿ ಕೇಳಿದ ಹಾಗೆ.

ಇನ್ನು, ಆ ಹೆಬ್ಬೆರಳು. ಒತ್ತುವವನಿಗೆ ಅದು "ಓದಿದೆ" ಅಂತ ಅಷ್ಟೇ. ಕಳಿಸಿದವರಿಗೆ ಅದು "ಬರ್ತೀನಿ" ಅಂತ. ನಾನು ಮಾತು ಕೊಟ್ಟಿದ್ದೆ ಅಂತಲೇ ಲೆಕ್ಕ.

## ಕನ್ನಡದಲ್ಲಿ ಅವಿತುಕೊಳ್ಳುವುದು ಬಹಳ ಸುಲಭ

ನಾನು ಮೊದಲು ಟೈಪ್ ಮಾಡಿದ ಸಾಲು ಇದು: "ಕ್ಷಮಿಸಿ, ಮೀಟಿಂಗ್ ವಿಷಯ ಮರೆತುಹೋಯಿತು, ಬರಲು ಆಗಲಿಲ್ಲ."

ಓದಿದರೆ ಏನೂ ತಪ್ಪು ಕಾಣುವುದಿಲ್ಲ, ಅಲ್ವಾ? ಆದರೆ ಇದರಲ್ಲಿ ನಾನು ಎಲ್ಲಿದ್ದೇನೆ ಹುಡುಕಿ. "ಮರೆತುಹೋಯಿತು". ಅದೇ ಹೋಯಿತು, ನಾನು ಕಳಿಸಲಿಲ್ಲ. "ಬರಲು ಆಗಲಿಲ್ಲ" ಅಂದರೆ ಬರಬೇಕಂತಿದ್ದೆ, ಏನೋ ಅಡ್ಡ ಬಂತು ಅಂತ ಅರ್ಥ. ಅಡ್ಡ ಏನೂ ಬಂದಿರಲಿಲ್ಲ. ನಾನು ಆರಾಮಾಗಿ ಮನೆಯಲ್ಲಿ ಕೂತಿದ್ದೆ.

ನಮ್ಮ ಭಾಷೆಯಲ್ಲಿ ಕೆಲಸ ಮಾಡಿದವರನ್ನು ಪಕ್ಕಕ್ಕಿಟ್ಟು ಮಾತು ಮುಗಿಸುವ ದಾರಿ ಬೇಕಾದಷ್ಟಿವೆ. ಲೋಟ ಬಿತ್ತು. ಹಾಲು ಉಕ್ಕಿತು. ತಡ ಆಯ್ತು. ತಪ್ಪಾಯ್ತು. ದಿನನಿತ್ಯದ ಮಾತಿನಲ್ಲಿ ಇದು ಸಹಜ, ಯಾರೂ ಮೋಸ ಮಾಡಬೇಕಂತ ಹೇಳುವುದಿಲ್ಲ. ಮನೆಯಲ್ಲಿ "ತಪ್ಪಾಯ್ತು ಕಣೋ" ಅಂದರೆ ಅದರಲ್ಲಿ ಪೂರ್ತಿ ಪಶ್ಚಾತ್ತಾಪ ಇರಬಹುದು, ಯಾಕೆಂದರೆ ಮುಖ ಕಾಣುತ್ತದೆ, ದನಿ ಕೇಳುತ್ತದೆ. ಮೆಸೇಜಿನಲ್ಲಿ ಅದೆರಡೂ ಇಲ್ಲ, ಬರೀ ಕ್ರಿಯಾಪದ ಉಳಿಯುತ್ತದೆ. ಹಾಗಾಗಿ ಕ್ರಿಯಾಪದವನ್ನು ನೇರ ಮಾಡಬೇಕು:

"ಮರೆತುಹೋಯಿತು" ಬದಲು "ಮರೆತೆ". "ಬರಲು ಆಗಲಿಲ್ಲ" ಬದಲು "ಬರಲಿಲ್ಲ". "ತಪ್ಪಾಯಿತು" ಬದಲು "ತಪ್ಪು ನನ್ನದು".

ಅಕ್ಷರ ಕಮ್ಮಿ ಆಯಿತು, ಭಾರ ಜಾಸ್ತಿ ಆಯಿತು. ಬರೆಯುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ಹಿಂಜರಿದರೆ ಸರಿಯಾದ ಪದ ಸಿಕ್ಕಿದೆ ಅಂತಲೇ ನನ್ನ ಲೆಕ್ಕ.

ರೆಡಿಮೇಡ್ ಸಾಲುಗಳು ಇನ್ನೂ ಅಪಾಯ. "ಅನಿವಾರ್ಯ ಕಾರಣಗಳಿಂದ" ಅನ್ನುವುದು ಕಾರ್ಯಕ್ರಮ ಮುಂದೂಡುವ ಪ್ರಕಟಣೆಗೆ ಸರಿ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಬರೆದರೆ, ಕಾರಣ ಹೇಳಲು ಇಷ್ಟ ಇಲ್ಲ ಅಂತ ಓದಿಸಿಕೊಳ್ಳುತ್ತದೆ. "ಅಡಚಣೆಗಾಗಿ ವಿಷಾದಿಸುತ್ತೇನೆ" ಅಂದರೆ ರಸ್ತೆ ಅಗೆದ ಕಡೆ ನಿಲ್ಲಿಸಿದ ಬೋರ್ಡು ಮಾತಾಡಿದ ಹಾಗೆ. "ಅನ್ಯಥಾ ಭಾವಿಸಬೇಡಿ" ಅಂದರೆ ಕೆಲಸವನ್ನು ಓದುವವರ ತಲೆಗೆ ಕಟ್ಟಿದ ಹಾಗೆ. ಇವೆಲ್ಲಕ್ಕಿಂತ ಕೆಟ್ಟದ್ದು "ನಿಮಗೆ ತೊಂದರೆ ಆಗಿದ್ದರೆ ಕ್ಷಮಿಸಿ". ಆಗಿದ್ದರೆ ಏನು, ಆಗಿದೆ. ಮೂರು ಜನ 40 ನಿಮಿಷ ಕೂತಿದ್ದರು. ಆ ಒಂದು "ದ್ದರೆ" ಇಡೀ ಕ್ಷಮೆಯನ್ನು ಅನುಮಾನದಲ್ಲಿಡುತ್ತದೆ.

## ಜಾಸ್ತಿ ಬಗ್ಗಿದರೆ ಏನಾಗುತ್ತದೆ

ಮೊದಲ ಸಾಲು ಅಳಿಸಿ ಎರಡನೆಯದು ಬರೆದೆ. ಈ ಸಲ ತೀರಾ ಆ ಕಡೆ ವಾಲಿದೆ:

"ಅಯ್ಯೋ ಸಾರ್, ಯಾವ ಮುಖ ಇಟ್ಟುಕೊಂಡು ಬರೆಯಲಿ ಗೊತ್ತಾಗ್ತಿಲ್ಲ. ನನ್ನಂಥ ಬೇಜವಾಬ್ದಾರಿ ಮನುಷ್ಯ ಇನ್ನೊಬ್ಬ ಇಲ್ಲ. ದಯವಿಟ್ಟು ಕ್ಷಮಿಸಿ, ದಯವಿಟ್ಟು. ಇನ್ನು ನಿಮ್ಮ ಜೊತೆ ಕೆಲಸ ಮಾಡಲು ನನಗೆ ಅರ್ಹತೆಯೇ ಇಲ್ಲ…"

ಬರೆಯುವಾಗ ಹಿತವಾಗಿತ್ತು, ನಿಜ ಹೇಳಬೇಕೆಂದರೆ. ಮತ್ತೆ ಓದಿದಾಗ ನಾಚಿಕೆ ಆಯಿತು. ಯಾಕೆ ಅಂತ ಒಂದು ಹೋಲಿಕೆಯಲ್ಲಿ ಹೇಳ್ತೀನಿ. ಮನೆಗೆ ಬಂದ ನೆಂಟರು ನಿಮ್ಮ ಗಾಜಿನ ಲೋಟ ಒಡೆದರು ಅಂದುಕೊಳ್ಳಿ. "ಅಯ್ಯೋ, ನನ್ನ ಕೈ ತಪ್ಪು, ಪೊರಕೆ ಎಲ್ಲಿದೆ?" ಅಂದರೆ ಮುಗಿಯಿತು. ಅದರ ಬದಲು ಅವರು ಅಲ್ಲೇ ಕೂತು ಅಳೋಕೆ ಶುರು ಮಾಡಿದರೆ? ನೀವು ಗಾಜು ಬಿಟ್ಟು ಅವರನ್ನು ಸಮಾಧಾನ ಮಾಡಬೇಕು. "ಪರವಾಗಿಲ್ಲ ಬಿಡಿ, ಹಳೇದು" ಅಂತ ಸುಳ್ಳು ಬೇರೆ ಹೇಳಬೇಕು. ಲೋಟ ಕಳಕೊಂಡವರೂ ನೀವೇ, ಸಮಾಧಾನ ಹೇಳುವವರೂ ನೀವೇ, ಗಾಜು ಗುಡಿಸುವವರೂ ನೀವೇ.

ಜಾಸ್ತಿ ಬಗ್ಗಿ ಬರೆದ ಮೆಸೇಜು ಮಾಡುವುದು ಇದನ್ನೇ. ಎಂಟು ಸಾಲಲ್ಲಿ ಏಳು ನನ್ನ ಬಗ್ಗೆಯೇ ಆಗುತ್ತವೆ, ನಾನೆಷ್ಟು ಕೆಟ್ಟವನು, ನನಗೆಷ್ಟು ಸಂಕಟ. ಕಾದವರು ಎಲ್ಲೂ ಇಲ್ಲ, ಮುಖಪುಟ ಎಲ್ಲೂ ಇಲ್ಲ. "ಪರವಾಗಿಲ್ಲ" ಅನ್ನದೆ ಅವರಿಗೆ ಬೇರೆ ದಾರಿಯೂ ಇಲ್ಲ. ಹಾಗೆ ಬಲವಂತಕ್ಕೆ ಬಂದ "ಪರವಾಗಿಲ್ಲ"ದ ಒಳಗೆ ಸಿಟ್ಟು ಹಾಗೇ ಉಳಿದಿರುತ್ತದೆ.

ಇನ್ನೊಂದು ಸಣ್ಣ ವಿಷಯ. "ಕ್ಷಮಿಸಿ" ಅನ್ನುವ ಪದವನ್ನೇ ನೋಡಿ. ಅದು "ಬನ್ನಿ", "ಕೊಡಿ" ಇದ್ದ ಹಾಗೆ, ಎದುರಿನವರಿಗೆ ಏನೋ ಮಾಡಿ ಅಂತ ಕೇಳುವ ಪದ. ಒಂದು ಸಲ ಕೇಳಿದರೆ ವಿನಯ. ಐದು ಸಲ ಕೇಳಿದರೆ ಸಾಲ ವಸೂಲಿಗೆ ಬಂದವರ ಹಾಗೆ ಬಾಗಿಲು ತಟ್ಟಿದಂತೆ. ಒಂದೇ ಸಲ ಸಾಕು.

## ಇದನ್ನು ಅಳೆದು ನೋಡಿದವರೂ ಇದ್ದಾರೆ

ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ರಾಯ್ ಲೆವಿಕಿ ಮತ್ತು ಅವರ ಜೊತೆಗಾರರು 2016ರಲ್ಲಿ ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಪ್ರಯೋಗ ಸೇರಿ 755 ಜನ ಅದರಲ್ಲಿ ಭಾಗವಹಿಸಿದ್ದರು. ಕ್ಷಮಾಪಣೆಯನ್ನು ಅವರು ಆರು ತುಂಡು ಮಾಡಿದರು: ಬೇಸರ ಹೇಳುವುದು, ಏನಾಯಿತು ಅಂತ ವಿವರಿಸುವುದು, ತಪ್ಪು ನನ್ನದು ಅಂತ ಒಪ್ಪಿಕೊಳ್ಳುವುದು, ಮತ್ತೆ ಹೀಗೆ ಮಾಡಲ್ಲ ಅನ್ನುವುದು, ಆದ ನಷ್ಟ ಸರಿಪಡಿಸುತ್ತೇನೆ ಅನ್ನುವುದು, ಕ್ಷಮಿಸಿ ಅಂತ ಕೇಳುವುದು.

ಆರರಲ್ಲಿ ಜನರ ಮೇಲೆ ಹೆಚ್ಚು ಕೆಲಸ ಮಾಡಿದ್ದು ತಪ್ಪು ಒಪ್ಪಿಕೊಳ್ಳುವುದು. ಅದರ ನಂತರ ಸರಿಪಡಿಸುವ ಮಾತು. ಎಲ್ಲಕ್ಕಿಂತ ಕೆಳಗಿದ್ದದ್ದು ಕ್ಷಮಿಸಿ ಅಂತ ಕೇಳುವುದು. ನನ್ನ ಎರಡನೇ ಮೆಸೇಜಿನಲ್ಲಿ ಬರೀ ಕೊನೆಯದೇ ತುಂಬಿತ್ತು ಅನ್ನುವುದನ್ನು ಗಮನಿಸಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಉಪಯೋಗದ ವಿಷಯ ಇದೆ. ತಪ್ಪಿಗೆ ಕಾರಣ ಕೆಲಸದ ತಿಳಿವಳಿಕೆ ಸಾಲದ್ದು ಅಂತಾದರೆ ಜನ ಕ್ಷಮಾಪಣೆಯನ್ನು ಸುಲಭವಾಗಿ ಒಪ್ಪುತ್ತಾರೆ. ಬೇಕಂತಲೇ ಮಾಡಿದ್ದು, ಅಂದರೆ ಪ್ರಾಮಾಣಿಕತೆಯ ಪ್ರಶ್ನೆ ಅಂತಾದರೆ ಅಷ್ಟಾಗಿ ಒಪ್ಪುವುದಿಲ್ಲ. ಅಲ್ಲಿ ಉದಾಹರಣೆಗೆ ಇಟ್ಟುಕೊಂಡಿದ್ದು ತೆರಿಗೆ ಲೆಕ್ಕ ತಪ್ಪಾಗಿ ಸಲ್ಲಿಸಿದ ಅಕೌಂಟೆಂಟ್ ಒಬ್ಬರ ಕಥೆ, ಮೀಟಿಂಗ್ ಅಲ್ಲ. ಅದೂ ಜನ ಕ್ಷಮಾಪಣೆಯನ್ನು ಓದಿದರಷ್ಟೇ, ಎದುರಿಗೆ ಕೇಳಲಿಲ್ಲ. ಆದರೂ ನಮಗೆ ಹೊಂದುತ್ತದೆ, ನಾವೂ ಓದಿಸುತ್ತಿರುವುದು ಮೆಸೇಜೇ ತಾನೆ.

## "ಮರೆತೆ" ಅಂತ ಹೇಳೋದಾ, ಕಾರಣ ಹುಡುಕೋದಾ?

ಇಲ್ಲೇ ಹೆಚ್ಚಿನವರು ಜಾರುವುದು, ನಾನೂ ಜಾರುವವನಿದ್ದೆ. ಮರೆತೆ ಅನ್ನುವುದು ಅವಮಾನ ಅನ್ನಿಸುತ್ತದೆ. ನೀವು ನನಗೆ ಮುಖ್ಯ ಅಲ್ಲ ಅಂತ ಹೇಳಿದ ಹಾಗೆ ಆಗುತ್ತದೇನೋ ಅನ್ನುವ ಅಳುಕು. ಆಗ ಜ್ವರ, ನೆಟ್‌ವರ್ಕ್, ಗಾಡಿ ಪಂಚರ್, ಊರಲ್ಲಿ ಯಾರಿಗೋ ಹುಷಾರಿಲ್ಲ, ಇವೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಆದರೆ ಲೆಕ್ಕ ಹಾಕಿ. ಮರೆವು ಸಣ್ಣ ತಪ್ಪು, ಎಲ್ಲರಿಗೂ ಗೊತ್ತಿರುವ ತಪ್ಪು. ಸುಳ್ಳು ಬೇರೆ ಜಾತಿಯ ತಪ್ಪು. ಸಿಕ್ಕಿಬೀಳುವುದೂ ಈಗ ಸುಲಭ. ನೆಟ್‌ವರ್ಕ್ ಇರಲಿಲ್ಲ ಅಂತ ಬರೆದವನ ವಾಟ್ಸಾಪ್ ಸ್ಟೇಟಸ್ಸು 11 ಗಂಟೆ 20ಕ್ಕೆ ಹಾಕಿದ್ದು ಅಂತ ಕಾಣುತ್ತದೆ. ಸುಳ್ಳು ಸಿಕ್ಕಿದ ಮೇಲೆ ಮೀಟಿಂಗಿನ ಮಾತೇ ಉಳಿಯುವುದಿಲ್ಲ, ಇವನು ಇನ್ನೇನೇನು ಸುಳ್ಳು ಹೇಳಿದ್ದಾನೆ ಅನ್ನುವುದು ಶುರುವಾಗುತ್ತದೆ.

ನಿಜವಾದ ಕಾರಣ ಇದ್ದರೆ ಹೇಳಿ, ಖಂಡಿತ. ಆಸ್ಪತ್ರೆಗೆ ಓಡಿದ್ದರೆ ಅದು ತಪ್ಪೇ ಅಲ್ಲ, ಅದಕ್ಕೆ ಈ ಮೆಸೇಜಿನ ಅಗತ್ಯವೂ ಇಲ್ಲ. "ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದೆವು, ಫೋನ್ ನೋಡಲಿಲ್ಲ, ಸಂಜೆ ಮಾತಾಡ್ತೀನಿ" ಅಷ್ಟೇ ಸಾಕು. ಆದರೆ ಕಾರಣ ನೆವ ಆಗುವುದು ಎಲ್ಲಿ ಅಂತ ನೋಡಿಕೊಳ್ಳಬೇಕು. ಒಂದು ಸಾಲಿನ ಒಳಗಿದ್ದರೆ ಕಾರಣ. ಮೂರು ಸಾಲು ದಾಟಿ, "ಆ ದಿನ ಬೆಳಗ್ಗೆ ಏನಾಯಿತೆಂದರೆ" ಅಂತ ಶುರುವಾದರೆ ನೆವ. "ಮರೆತೆ, ಆದರೆ" ಅಂತ ಬಂದರೂ ನೆವ. "ಆದರೆ" ಹಿಂದೆ ಬರೆದದ್ದನ್ನು ಯಾರೂ ಓದುವುದಿಲ್ಲ.

ನನ್ನ ವಿಷಯದಲ್ಲಿ ಇನ್ನೊಂದು ಆಸೆಯೂ ಇತ್ತು: "ದಿನ ಬದಲಾಗಿದ್ದು ಶನಿವಾರ ರಾತ್ರಿ ಗ್ರೂಪಿನಲ್ಲಿ ಬಂತು, ಫೋನ್ ಮಾಡಿ ಹೇಳಿದ್ದರೆ ಚೆನ್ನಾಗಿತ್ತು" ಅಂತ ಮೆಲ್ಲಗೆ ಸೇರಿಸುವುದು. ಮಾತು ನಿಜವೇ. ಆದರೆ ಅದನ್ನು ಇವತ್ತು ಹೇಳುವಂತಿಲ್ಲ. ಮುಂದಿನ ತಿಂಗಳು ಬೇಕಾದರೆ, ಬೇರೆ ಮಾತಿನ ನಡುವೆ ಹೇಳಬಹುದು.

## ಕೊನೆಗೆ ಕಳಿಸಿದ್ದು

12 ಗಂಟೆ 30ಕ್ಕೆ ಗ್ರೂಪಿಗೆ ಹೋಗಿದ್ದು ಇದು:

"ಎಲ್ಲರಿಗೂ ನಮಸ್ಕಾರ. ಇವತ್ತು 11 ಗಂಟೆಯ ಮೀಟಿಂಗಿಗೆ ನಾನು ಬರಲಿಲ್ಲ, ತಿಳಿಸಲೂ ಇಲ್ಲ. ದಿನ ಬದಲಾದದ್ದನ್ನು ಶನಿವಾರವೇ ಓದಿ ಒಪ್ಪಿದ್ದೆ, ಬರೆದಿಟ್ಟುಕೊಳ್ಳದೆ ಮರೆತೆ. ತಪ್ಪು ನನ್ನದು. ನೀವು ಮೂವರೂ 40 ನಿಮಿಷ ಕಾದಿರಿ, ಪ್ರೆಸ್ಸಿನವರು ಮಂಡ್ಯದಿಂದ ಬಂದು ಕೆಲಸ ಆಗದೆ ಹೋಗಬೇಕಾಯಿತು. ಕ್ಷಮಿಸಿ. ಎರಡೂ ಮುಖಪುಟ ಮತ್ತು ಪುಟಗಳ ಲೆಕ್ಕವನ್ನು 3 ಗಂಟೆಯೊಳಗೆ ಇಲ್ಲಿಗೇ ಕಳಿಸುತ್ತೇನೆ. ಪೇಪರ್ ನೋಡಲು ನಾಳೆ ನಾನೇ ಮಂಡ್ಯಕ್ಕೆ ಹೋಗುತ್ತೇನೆ, ಯಾರೂ ಮತ್ತೆ ಬರುವುದು ಬೇಡ."

ಎಂಟೇ ಸಾಲು. ಇದರಲ್ಲಿ ಎರಡು ಜಾಗ ಮಾತ್ರ ಬಿಡಿಸಿ ಹೇಳ್ತೀನಿ.

ಒಂದು, ಅವರಿಗೆ ಏನಾಯಿತು ಅನ್ನುವುದು ಅಂಕಿ ಸಮೇತ ಇದೆ. 40 ನಿಮಿಷ, ಮಂಡ್ಯ. "ನಿಮ್ಮ ಅಮೂಲ್ಯ ಸಮಯ ವ್ಯರ್ಥವಾಯಿತು" ಅಂತ ಬರೆದಿದ್ದರೆ ಅದು ಯಾರಿಗೆ ಬೇಕಾದರೂ ಕಳಿಸುವ ಸಾಲಾಗುತ್ತಿತ್ತು. ಅಂಕಿ ಇದ್ದರೆ, ಏನಾಯಿತು ಅಂತ ಇವನಿಗೆ ಗೊತ್ತಿದೆ ಅನ್ನುವುದು ತಿಳಿಯುತ್ತದೆ.

ಎರಡು, ಸರಿಪಡಿಸುವ ಮಾತು. ಎಷ್ಟೋ ಜನ ಇಲ್ಲಿ "ಮತ್ತೆ ಯಾವಾಗ ಸೇರೋಣ ಹೇಳಿ" ಅಂತ ಬರೆದು ಮುಗಿಸುತ್ತಾರೆ. ಅದು ಸರಿಪಡಿಸಿದ್ದಲ್ಲ, ಅವರಿಗೆ ಇನ್ನೊಂದು ಕೆಲಸ ಕೊಟ್ಟದ್ದು. ಮೂರು ಜನ ಮತ್ತೆ ದಿನ ಹೊಂದಿಸಬೇಕು, ಮತ್ತೆ ಬರಬೇಕು. ಅದರ ಬದಲು, ಆ ಮೀಟಿಂಗ್ ಯಾವುದಕ್ಕೆ ಇತ್ತು ಅಂತ ಯೋಚಿಸಿ, ಅದರಲ್ಲಿ ಎಷ್ಟನ್ನು ಇವತ್ತೇ ನಾನೊಬ್ಬನೇ ಮುಗಿಸಬಹುದು ಅಂತ ನೋಡಬೇಕು. ನನ್ನದರಲ್ಲಿ ಮುಖಪುಟ, ಪುಟದ ಲೆಕ್ಕ ಎರಡೂ ಕಳಿಸಿದರೆ ಆಗುವಂಥದ್ದು. ಪೇಪರ್ ಮಾತ್ರ ಕೈಯಲ್ಲಿ ಮುಟ್ಟಿ ನೋಡಬೇಕಿತ್ತು, ಹಾಗಾಗಿ ಪ್ರಯಾಣ ನನ್ನ ಪಾಲಿಗೆ. ನೀವು ಆನ್‌ಲೈನ್ ಮೀಟಿಂಗ್ ತಪ್ಪಿಸಿದ್ದರೆ ರೆಕಾರ್ಡಿಂಗ್ ಪೂರ್ತಿ ನೋಡಿ, ನಿಮ್ಮಿಂದ ಬೇಕಾಗಿದ್ದ ಉತ್ತರ ಏನು ಅಂತ ಹುಡುಕಿ, ಅದನ್ನು ಕಳಿಸಿ. "ಏನೇನು ಮಾತಾಡಿದ್ರಿ, ಸ್ವಲ್ಪ ಹೇಳ್ತೀರಾ?" ಅಂತ ಯಾರನ್ನೋ ಕೇಳಬೇಡಿ.

"ಇನ್ನು ಮುಂದೆ ಹೀಗೆ ಆಗಲ್ಲ" ಅಂತ ನಾನು ಬರೆಯಲಿಲ್ಲ. ಮರೆವಿನ ಮೇಲೆ ಯಾರೂ ಭಾಷೆ ಕೊಡಲಾಗುವುದಿಲ್ಲ.

## ಮೆಸೇಜು ಸಾಲದೆ ಹೋಗುವ ಕಡೆ

ಗ್ರೂಪಿಗೆ ಕಳಿಸುವ ಮೊದಲು ನಾನು ಮಂಡ್ಯದವರಿಗೆ ಫೋನ್ ಮಾಡಿದ್ದೆ. ಕಾದವರು ಮೂರು ಜನ, ಆದರೆ ಕಳಕೊಂಡದ್ದು ಎಲ್ಲರೂ ಒಂದೇ ಅಲ್ಲ. ಕಾರ್ಯದರ್ಶಿಗಳ ಮನೆ ಅಲ್ಲೇ ಪಕ್ಕದ ಬೀದಿ. ಇವರದು ಅರ್ಧ ದಿನದ ಕೆಲಸ, ಬಸ್ಸಿನ ಖರ್ಚು. ದುಡ್ಡೋ ದಿನವೋ ಹೋಗಿದ್ದರೆ, ವಯಸ್ಸಾದವರು ಕಾದಿದ್ದರೆ ಬರೀ ಬರಹ ಸಾಲದು, ದನಿ ಕೇಳಿಸಬೇಕು. ಅವರು ಬೈದರೆ ಬೈಸಿಕೊಳ್ಳಲೂಬೇಕು. ಮೆಸೇಜಿನಲ್ಲಿ ಅದಕ್ಕೆ ಅವಕಾಶ ಇಲ್ಲ.

ಬೈಯಲಿಲ್ಲ ಅವರು. "ಒಂದು ಫೋನ್ ಮಾಡಿದ್ರೆ ಮಂಡ್ಯ ಬಿಡ್ತಾನೇ ಇರ್ಲಿಲ್ಲ ಸಾರ್" ಅಂದರು. "ಹೌದು, ನಾನು ಮರೆತೆ" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆ ಮೌನದಲ್ಲಿ ಏನಾದರೂ ತುಂಬಿಸಬೇಕು ಅನ್ನಿಸುತ್ತದೆ, ನೆವಗಳು ನುಗ್ಗುವುದೇ ಅಲ್ಲಿ. ಸುಮ್ನೆ ಇರಬೇಕು.

ಎರಡನೇ ಸಲ ಇದೇ ತಪ್ಪು ಮಾಡಿದರೂ ಈ ಮೆಸೇಜು ನಡೆಯುವುದಿಲ್ಲ. ಅದೇ ಜನ, ಅದೇ ಸಾಲು, ಓದಿದವರಿಗೆ ಹಳೇ ಚೀಟಿ ತೋರಿಸಿದ ಹಾಗಾಗುತ್ತದೆ. ಆಗ ಬದಲಾಗಬೇಕಾದದ್ದು ಸಾಲಲ್ಲ, ದಿನ ಬರೆದಿಟ್ಟುಕೊಳ್ಳುವ ರೀತಿ.

ಆರು ತಿಂಗಳಾದ ಮೇಲೆ ಮತ್ತೆ ಮತ್ತೆ ಅದನ್ನೇ ಎತ್ತಿ "ಆವತ್ತು ಹಾಗೆ ಮಾಡಿಬಿಟ್ಟೆ" ಅನ್ನುವುದೂ ಬೇಡ. ಅವರು ಮರೆತಿರುತ್ತಾರೆ, ನೀವು ನೆನಪಿಸುತ್ತಿರುತ್ತೀರಿ.

## ಮಾರನೇ ದಿನ

2 ಗಂಟೆ 40ಕ್ಕೆ ಮುಖಪುಟ, ಲೆಕ್ಕ ಎರಡೂ ಕಳಿಸಿದೆ. ಕಾರ್ಯದರ್ಶಿಗಳು "ಸರಿ" ಅಂತ ಒಂದೇ ಪದ ಬರೆದರು. ಅಷ್ಟು ಚಿಕ್ಕ ಉತ್ತರ ಬಂದರೆ ಇನ್ನೊಂದು "ಸಾರಿ" ಕಳಿಸೋಣ ಅನ್ನಿಸುತ್ತದೆ. ಕಳಿಸಲಿಲ್ಲ.

ಬುಧವಾರ ಮಂಡ್ಯಕ್ಕೆ ಹೋದೆ. ಪ್ರೆಸ್ಸಿನವರು ನನ್ನ ಲೆಕ್ಕ ನೋಡಿ ನಕ್ಕರು. ನಾನು 118 ಪುಟ ಮಾಡಿದ್ದೆ. ಅವರು ಅಚ್ಚು ಹಾಕುವುದು ಫಾರಂ ಲೆಕ್ಕದಲ್ಲಿ, ಒಂದು ದೊಡ್ಡ ಹಾಳೆಗೆ 16 ಪುಟ, ಏಳು ಫಾರಂ ಅಂದರೆ 112. ಉಳಿದ ಆರು ಪುಟ ಎಲ್ಲೂ ಕೂರುವುದಿಲ್ಲ. ಆರು ಕಡಿಮೆ ಮಾಡಬೇಕು, ಇಲ್ಲವೇ ಎರಡು ಸೇರಿಸಿ 120 ಮಾಡಿ ಅರ್ಧ ಫಾರಂ ಹಾಕಬೇಕು. "ಇದನ್ನೇ ನಿನ್ನೆ ಹೇಳೋಣ ಅಂತ ಬಂದಿದ್ದೆ" ಅಂದರು. ಕಾಫಿ ತರಿಸಿದರು. ಎರಡು ಪುಟಕ್ಕೆ ಹಳೇ ಫೋಟೋ ಹಾಕೋದು ಅಂತಾಯಿತು.

ಹೊರಡುವಾಗ ಮುಂದಿನ ಮೀಟಿಂಗ್ ಬಗ್ಗೆ ಗ್ರೂಪಿನಲ್ಲಿ ಮೆಸೇಜು ಬಂತು. ಹೆಬ್ಬೆರಳು ಒತ್ತಲು ಹೋದೆ. ಬಿಟ್ಟು, "ಸೋಮವಾರ 4 ಗಂಟೆ, ಸಂಘದ ಆಫೀಸು, ಬರ್ತೀನಿ" ಅಂತ ಪೂರ್ತಿ ಟೈಪ್ ಮಾಡಿದೆ. ಪ್ರೆಸ್ಸಿನವರು ಪಕ್ಕದಲ್ಲೇ ನಿಂತು ತಮ್ಮ ಫೋನಿನಲ್ಲಿ ಅದನ್ನು ಓದಿ, "ನಾನು ಭಾನುವಾರ ರಾತ್ರಿ ಒಂದು ಸಲ ಫೋನ್ ಮಾಡ್ತೀನಿ ಬಿಡಿ" ಅಂದರು.